ಪ್ರಿಲಿಮ್ಸ್‌ಗೆ ಕರೆಂಟ್ ಅಫೇರ್ಸ್ ನೋಟ್ಸ್: ದಿನದ ಪುಸ್ತಕವೋ, ತಿಂಗಳ ಸಂಚಿಕೆಯೋ, ವಿಷಯದ ಹಾಳೆಯೋ?

ಯುಪಿಎಸ್‌ಸಿ ಪ್ರಿಲಿಮ್ಸ್‌ಗೆ ಓದುವಾಗ ನಾನು ಕರೆಂಟ್ ಅಫೇರ್ಸ್ ನೋಟ್ಸನ್ನು ಮೂರು ರೀತಿಯಲ್ಲಿ ಮಾಡಿ ನೋಡಿದೆ. ಮೂರರಲ್ಲೂ ಇದ್ದ ಸುದ್ದಿ ಹೆಚ್ಚು ಕಡಿಮೆ ಒಂದೇ. ಆದರೆ ರಿವಿಷನ್‌ಗೆ ಕೂತಾಗ ಮೂರೂ ಬೇರೆ ಬೇರೆ ಫಲ ಕೊಟ್ಟವು. ರಾಮ್ಸಾರ್ ತಾಣಗಳ, ಅಂದರೆ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿದ ಜೌಗು ಪ್ರದೇಶಗಳ ಸುದ್ದಿಯೊಂದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಮಾಡಿದ್ದು ತಾರೀಖಿನ ಪ್ರಕಾರ ಬರೆಯುವ ದಪ್ಪ ನೋಟ್‌ಬುಕ್. ಪೇಪರ್ ಓದುವುದು, ಅದೇ ದಿನ ಬರೆದು ಮುಚ್ಚಿಡುವುದು. ಬರೆಯೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ, ಯಾವುದನ್ನು ಎಲ್ಲಿ ಬರೆಯಬೇಕು ಎಂದು ಯೋಚಿಸುವ ಕೆಲಸವೇ ಇಲ್ಲ. ತೊಂದರೆ ಗೊತ್ತಾಗಿದ್ದು ರಿವಿಷನ್‌ನಲ್ಲಿ. 2024ರ ಜನವರಿ ಕೊನೆಯ ಪುಟದಲ್ಲಿ ಭಾರತದ ರಾಮ್ಸಾರ್ ತಾಣಗಳು 80 ಎಂದಿತ್ತು. ಜೂನ್‌ನಲ್ಲಿ 82, ಆಗಸ್ಟ್‌ನಲ್ಲಿ 85, 2025ರ ಫೆಬ್ರವರಿಯಲ್ಲಿ 89. ಬರೆದ ದಿನ ನಾಲ್ಕೂ ಸರಿಯೇ. ಆದರೆ ಅವು ನಾಲ್ಕು ಕಡೆ ಚದುರಿದ್ದವು. ಅಣಕು ಪರೀಕ್ಷೆಯಲ್ಲಿ ನನ್ನ ತಲೆಗೆ ಬಂದದ್ದು 82. ಹಳೆಯ ಸಂಖ್ಯೆಯನ್ನು ಹೊಡೆದುಹಾಕಲು ಈ ಪುಸ್ತಕದಲ್ಲಿ ಜಾಗವೇ ಇಲ್ಲ, ಅಲ್ವಾ?

ಆಮೇಲೆ ಅಚ್ಚಾದ ತಿಂಗಳ ಸಂಚಿಕೆ ಹಿಡಿದೆ. ಪರಿಸರ, ಆರ್ಥಿಕತೆ, ರಾಜ್ಯವ್ಯವಸ್ಥೆ ಎಂದು ವಿಷಯವಾರು ಜೋಡಿಸಿರುತ್ತಾರೆ. ಹಾಗಾಗಿ ಇದೇ ಸರಿಯಾದ ದಾರಿ ಅಂದುಕೊಂಡಿದ್ದೆ. ಆದರೆ ಆ ಜೋಡಣೆ ಒಂದು ತಿಂಗಳ ಒಳಗೆ ಮಾತ್ರ. 12 ಸಂಚಿಕೆ ಎಂದರೆ 12 ಪರಿಸರ ಅಧ್ಯಾಯ. ಮೊದಲಿನ ತೊಂದರೆಯೇ ಅಚ್ಚುಕಟ್ಟಾಗಿ ಮರಳಿ ಬಂದಿತ್ತು. ಜೊತೆಗೆ ಪುಟಗಳೂ ಜಾಸ್ತಿ. ನಾನು ಬಿಟ್ಟುಬಿಟ್ಟ ಸುದ್ದಿಯನ್ನು ಹಿಡಿದುಕೊಡುವುದಕ್ಕೆ ಮಾತ್ರ ಇದು ತುಂಬ ಒಳ್ಳೆಯದು, ಆ ಕೆಲಸಕ್ಕೆ ಈಗಲೂ ಇಟ್ಟುಕೊಳ್ಳುತ್ತೇನೆ.

ಮೂರನೆಯದು ಬಿಡಿ ಹಾಳೆ ಮತ್ತು ಪಂಚ್ ಫೈಲ್. ಒಂದು ವಿಷಯಕ್ಕೆ ಒಂದೇ ಹಾಳೆ. ‘ಜೌಗು ಪ್ರದೇಶಗಳು’ ಎಂಬ ಹಾಳೆಯ ಎಡಭಾಗದಲ್ಲಿ ಬದಲಾಗದ ಸಂಗತಿಗಳನ್ನು ಪೆನ್ನಿನಲ್ಲಿ ಬರೆದೆ. ಒಪ್ಪಂದಕ್ಕೆ ಸಹಿ ಬಿದ್ದದ್ದು 1971ರಲ್ಲಿ, ಇರಾನಿನ ರಾಮ್ಸಾರ್‌ನಲ್ಲಿ. ಭಾರತದ ಮೊದಲ ತಾಣಗಳು 1981ರಲ್ಲಿ ಸೇರಿದ ಚಿಲಿಕಾ ಮತ್ತು ಕೇವಲಾದೇವ್. ಅಪಾಯದಲ್ಲಿರುವ ತಾಣಗಳ ಮಾಂಟ್ರೂ ದಾಖಲೆಯಲ್ಲಿ ಈಗ ಕೇವಲಾದೇವ್ ಮತ್ತು ಲೋಕ್ತಾಕ್ ಇವೆ, ಚಿಲಿಕಾ 2002ರಲ್ಲಿ ಹೊರಬಂತು. ಬಲಭಾಗದಲ್ಲಿ ಬದಲಾಗುವುದು, ಪೆನ್ಸಿಲ್‌ನಲ್ಲಿ. 80 ಅಳಿಸಿ 82, ಅದನ್ನು ಅಳಿಸಿ 85. ಹಾಳೆಯ ಮೇಲೆ ಯಾವಾಗಲೂ ಒಂದೇ ಸಂಖ್ಯೆ.

ನನಗೆ ನಿಜವಾದ ಲಾಭ ಆಗಿದ್ದು ಸಂಖ್ಯೆಯಿಂದ ಅಲ್ಲ. ಕರ್ನಾಟಕದ ತಾಣಗಳು ಒಂದರ ಕೆಳಗೊಂದು ಬಂದು ಕೂತವು: 2022ರ ರಂಗನತಿಟ್ಟು, 2024ರ ಮಾಗಡಿ ಕೆರೆ, ಅಂಕಸಮುದ್ರ, ಅಘನಾಶಿನಿ. ಆಗ ವ್ಯತ್ಯಾಸಗಳು ಕಣ್ಣಿಗೆ ಬಿದ್ದವು. ಮಾಗಡಿ ಕೆರೆ ಇರುವುದು ಗದಗ ಜಿಲ್ಲೆಯಲ್ಲಿ, ರಾಮನಗರದ ಕಡೆಯ ಮಾಗಡಿಯಲ್ಲಲ್ಲ. ಅಘನಾಶಿನಿ ಕೆರೆಯಲ್ಲ, ನದಿ ಸಮುದ್ರ ಸೇರುವ ಅಳಿವೆ. ಅಂಕಸಮುದ್ರದ ಹೆಸರಲ್ಲಿ ಸಮುದ್ರ ಇದ್ದರೂ ಅದು ವಿಜಯನಗರ ಜಿಲ್ಲೆಯ ಕೆರೆ. ‘ಮೇಲಿನ ಜೋಡಿಗಳಲ್ಲಿ ಎಷ್ಟು ಸರಿ?’ ಎಂಬ ಪ್ರಶ್ನೆಯಲ್ಲಿ ಒಂದು ಜೋಡಿ ಗೊತ್ತಿದ್ದರೆ ಸಾಲದು, ಪ್ರತಿಯೊಂದೂ ಗೊತ್ತಿರಬೇಕು. ತಪ್ಪಾದರೆ ಆ ಪ್ರಶ್ನೆಯ ಎರಡು ಅಂಕದಲ್ಲಿ ಮೂರನೇ ಒಂದು ಭಾಗ ಕಡಿತ ಬೇರೆ. ಅಂಥ ಪ್ರಶ್ನೆಗೆ ಹಾಳೆಯಷ್ಟು ನೆರವಾದದ್ದು ಬೇರೆ ಇಲ್ಲ.

ಆದರೆ ಹಾಳೆಗಳು ಕೆಡುವುದೂ ಬೇಗ. ಶುರುವಿನಲ್ಲಿ ನಾನು ತುಂಬ ಸಣ್ಣ ಸಣ್ಣ ವಿಷಯ ಮಾಡಿಕೊಂಡೆ. ಹುಲಿಗೊಂದು, ಆನೆಗೊಂದು, ಚೀತಾಗೊಂದು. ಬೆಳಿಗ್ಗೆ ಸುಮ್ನೆ ಹಾಳೆ ಹುಡುಕುವುದರಲ್ಲೇ ಹೊತ್ತು ಹೋಗುತ್ತಿತ್ತು. ಇನ್ನೊಂದು ಕಡೆ ‘ಇತರೆ’ ಎಂಬ ಹಾಳೆ ಊದಿಕೊಳ್ಳುತ್ತಾ ಹೋಯಿತು. ‘ಇತರೆ’ ಎರಡನೇ ಹಾಳೆಗೆ ದಾಟಿದರೆ ವಿಂಗಡಣೆ ತಪ್ಪಿದೆ ಎಂದೇ ಲೆಕ್ಕ. ಹುಲಿ, ಆನೆ, ಚೀತಾ ಮೂರನ್ನೂ ‘ವನ್ಯಜೀವಿ ಯೋಜನೆಗಳು’ ಎಂದು ಒಂದು ಮಾಡಿದ ಮೇಲೆ ಸರಿಹೋಯಿತು. ದಿನಾ ಬರೆಯುವುದನ್ನೂ ಬಿಟ್ಟೆ. ವಾರವಿಡೀ ಪೇಪರ್‌ನಲ್ಲಿ ಗುರುತು ಹಾಕಿ ಭಾನುವಾರ ಹಾಳೆಗೆ ಇಳಿಸುತ್ತಿದ್ದೆ. ಅಷ್ಟರಲ್ಲಿ ಅರ್ಧ ಸುದ್ದಿ ತಾನಾಗಿಯೇ ಬೇಡವಾಗಿರುತ್ತಿತ್ತು.

ಪರೀಕ್ಷೆಗೆ ಎರಡೇ ತಿಂಗಳು ಇದ್ದರೆ ಮಾತ್ರ ಹೊಸದಾಗಿ ಹಾಳೆ ಶುರು ಮಾಡಬೇಡಿ. ಇಡೀ ವರ್ಷದ್ದನ್ನು ಒಟ್ಟಿಗೆ ವಿಷಯವಾರು ಕೊಡುವ ಒಂದು ಸಂಕಲನ ಕೊಂಡು, ಅದರ ಅಂಚಿನಲ್ಲೇ ಪೆನ್ಸಿಲ್‌ನಿಂದ ತಿದ್ದುತ್ತಾ ಹೋಗಿ. ರಾಮ್ಸಾರ್ ಪಟ್ಟಿಗೆ 2025ರ ಜೂನ್‌ನಲ್ಲೇ ರಾಜಸ್ಥಾನದ ಖೀಚನ್ ಮತ್ತು ಮೇನಾರ್ ಸೇರಿ 91 ಆಯಿತು. ಅಚ್ಚಾದ ಪುಸ್ತಕದಲ್ಲಿ ಇನ್ನೂ 89 ಇದ್ದರೆ ತಿದ್ದಬೇಕಾದವರು ನೀವೇ.