1680 ಡೆನಿಯರ್ ಎಂಬ ಅಂಕಿ ನಂಬಿ ಮಳೆಗಾಲಕ್ಕೆ ಬ್ಯಾಗ್ ಕೊಳ್ಳಬೇಡಿ

ಸುರತ್ಕಲ್‌ನಿಂದ ಹಂಪನಕಟ್ಟೆಗೆ ದಿನವೂ ಸ್ಕೂಟರ್‌ನಲ್ಲಿ ಹೋಗಿಬರುವ ನಾನು ಜೂನ್ ಮೊದಲ ವಾರದಲ್ಲಿ 2,400 ರೂಪಾಯಿ ಕೊಟ್ಟು ಒಂದು ಬ್ಯಾಗ್ ಕೊಂಡೆ. ಅದರ ಚೀಟಿಯಲ್ಲಿ ‘1680 ಡೆನಿಯರ್, ವಾಟರ್‌ಪ್ರೂಫ್’ ಎಂದು ದೊಡ್ಡದಾಗಿ ಅಚ್ಚಾಗಿತ್ತು. ಅಂಗಡಿಯವರು ನನ್ನ ಕಣ್ಣೆದುರೇ ಬಾಟಲಿಯಿಂದ ಬ್ಯಾಗಿನ ಬೆನ್ನಿಗೆ ನೀರು ಸುರಿದು ತೋರಿಸಿದರು. ಕೆಸುವಿನೆಲೆಯ ಮೇಲಿನ ಹಾಗೆ ಹನಿಗಳು ಉರುಳಿಹೋದವು. ಅಲ್ಲೇ ನಾನು ಮೋಸಹೋದೆ.

ಮೂರನೆಯ ದಿನ ಕಚೇರಿ ತಲುಪಿ ಬ್ಯಾಗ್ ತೆರೆದಾಗ ಕಡತಗಳ ಮೇಲಂಚು ಒದ್ದೆಯಾಗಿತ್ತು, ಚಾರ್ಜರ್ ತಳದಲ್ಲಿ ನಿಂತ ನೀರಿನಲ್ಲಿತ್ತು. ಸಹಿ ಮಾಡಿಸಬೇಕಿದ್ದ ಕರಾರುಪತ್ರವನ್ನು ಎಲ್ಲರೆದುರು ಫ್ಯಾನಿನ ಕೆಳಗೆ ಹರಡಿ ಒಣಗಿಸಬೇಕಾಯಿತು.

ಸಂಜೆ ಮನೆಯಲ್ಲಿ ಬ್ಯಾಗಿನೊಳಗೆ ಒಣ ವೃತ್ತಪತ್ರಿಕೆ ತುಂಬಿ, ಜಿಪ್ ಎಳೆದು, ಐದು ನಿಮಿಷ ಮಗ್ಗಿನಿಂದ ನೀರು ಹೊಯ್ದೆ. ಬಟ್ಟೆಯ ನಡುಭಾಗಕ್ಕೆ ತಾಗಿದ ಕಾಗದ ಒಣಗಿಯೇ ಇತ್ತು. ಜಿಪ್‌ನ ಉದ್ದಕ್ಕೂ ಒದ್ದೆಯ ಗೆರೆ ಮೂಡಿತ್ತು, ಅದರಲ್ಲೂ ಎರಡು ಎಳೆಗುಂಡಿಗಳು ಕೂಡುವ ಕಡೆ ಕಾಗದ ಮುದ್ದೆಯಾಗಿತ್ತು. ತಳದ ಎರಡು ಮೂಲೆಗಳ ಹೊಲಿಗೆಯಲ್ಲೂ ಅದೇ ಗತಿ.

ಬಟ್ಟೆ ಸುಳ್ಳಾಡಿರಲಿಲ್ಲ, ಅಂಕಿಯನ್ನು ತೋರಿಸಿದ ರೀತಿ ಸುಳ್ಳು. ಒಂಬತ್ತು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಡೆನಿಯರ್. ಅದು ನೂಲಿನ ದಪ್ಪವನ್ನು ಹೇಳುತ್ತದೆಯೇ ಹೊರತು ನೀರಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಹನಿ ಉರುಳಿಸುವುದು ಹೊರಮೈಯ ತೆಳುವಾದ ಲೇಪ, ಅದು ಉಜ್ಜಿ ಉಜ್ಜಿ ಸವೆಯುತ್ತದೆ. ನೀರನ್ನು ನಿಜವಾಗಿ ತಡೆಯುವುದು ಒಳಮೈಗೆ ಬಳಿದ ಪಿಯು, ಅಂದರೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್‌ನ ಪದರ. ಆ ಪದರ ಎಷ್ಟೇ ಚೆನ್ನಾಗಿದ್ದರೂ ಸೂಜಿ ಚುಚ್ಚಿದ ಪ್ರತಿ ತೂತಿನಲ್ಲೂ ನೀರಿಗೆ ದಾರಿಯಿರುತ್ತದೆ, ಒಳಗಿನಿಂದ ಹೊಲಿಗೆಯ ಮೇಲೆ ಟೇಪ್ ಅಂಟಿಸಿದ್ದರೆ ಮಾತ್ರ ಅದು ಮುಚ್ಚುತ್ತದೆ. ನನ್ನ ಬ್ಯಾಗಿನಲ್ಲಿ ಟೇಪ್ ಇರಲಿಲ್ಲ, ಜಿಪ್ ಕೂಡ ಮೇಲೆ ಮುಚ್ಚುವ ಪಟ್ಟಿಯಿಲ್ಲದ ಮಾಮೂಲಿ ನೈಲಾನ್ ಸುರುಳಿಯದು.

ಅಂಗಡಿಗೆ ಮರಳಿ ಹೋದೆ. “ವಾಟರ್‌ಪ್ರೂಫ್ ಅಂದ್ರೆ ಬಟ್ಟೆ ಸಾರ್, ಜಿಪ್ ಅಲ್ಲ” ಎಂದರು. ಚೀಟಿ ತೋರಿಸಿದೆ. “ಅದು ಕಂಪನಿಯವರು ಬರೆದದ್ದು” ಎಂದರು. ಹಣ ಕೇಳಿದಾಗ, “ಒದ್ದೆ ಮಾಡಿದ ಮಾಲು ವಾಪಸ್ ತಗೊಳ್ಳೋದಿಲ್ಲ” ಎಂದರು! ಮಳೆಗೆಂದೇ ಮಾರಿದ ಬ್ಯಾಗ್ ಒದ್ದೆಯಾಗಬಾರದಿತ್ತೆ? ಕೊನೆಗೆ ಬ್ಯಾಗಿನ ಮೇಲೆ ಹೊದಿಸುವ 350 ರೂಪಾಯಿಯ ಮಳೆಹೊದಿಕೆಯನ್ನು ನನ್ನ ಮುಂದೆ ಇಟ್ಟರು. ಅದನ್ನು ಮೊದಲೇ ಹೇಳಿದ್ದರೆ 600 ಡೆನಿಯರ್‌ನ ಅಗ್ಗದ ಬ್ಯಾಗೇ ನನಗೆ ಸಾಕಾಗುತ್ತಿತ್ತು.

ಅಂಗಡಿಯಲ್ಲಿ ಬಟ್ಟೆಯ ಮೇಲೆ ನೀರು ಸುರಿಯಲು ಬಂದರೆ ಜಿಪ್‌ನ ಮೇಲೆ ಸುರಿಯಲು ಹೇಳಿ. ಒಳಗಿನ ಅಸ್ತರನ್ನು ಸರಿಸಿ ಹೊಲಿಗೆಯ ಮೇಲೆ ಟೇಪ್ ಇದೆಯೇ ಎಂದು ಬೆರಳಾಡಿಸಿ ನೋಡಿ. ಅಸ್ತರನ್ನು ಸರಿಸಲು ಬಿಡದಿದ್ದರೆ ಆ ಬ್ಯಾಗನ್ನು ಅಲ್ಲೇ ಬಿಟ್ಟು ಬನ್ನಿ.