ಎರಡೂವರೆ ವರ್ಷದ ಇ-ಸಿಮ್, ಎರಡು ಫೋನು, ಮತ್ತು ಸತ್ತುಹೋದ ಒಂದು ಕ್ಯೂಆರ್ ಕೋಡ್

ನಾನು ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಎರಡೂವರೆ ವರ್ಷದ ಹಿಂದೆ ನನ್ನ ಹಳೆಯ ನಂಬರನ್ನು ಇ-ಸಿಮ್‌ಗೆ ಬದಲಾಯಿಸಿಕೊಂಡೆ. ಇ-ಸಿಮ್ ಅಂದರೆ ಪ್ಲಾಸ್ಟಿಕ್ ತುಂಡಿಲ್ಲದೆ ಫೋನಿನೊಳಗಿನ ಚಿಪ್ಪಿಗೇ ಇಳಿಸಿಕೊಳ್ಳುವ ಸಿಮ್. ಫೋನಿನಲ್ಲಿ ಸಿಮ್ ಹಾಕುವ ಜಾಗ ಒಂದೇ ಇತ್ತು. ಮಿಲ್ಲಿನವರು ಕೊಟ್ಟ ನಂಬರಿಗೂ ಜಾಗ ಬೇಕಿತ್ತು, ಅಷ್ಟೇ ಕಾರಣ. ದಿನನಿತ್ಯದ ಬಳಕೆಯಲ್ಲಿ ಹೇಳಿಕೊಳ್ಳುವಂಥ ತಕರಾರಿಲ್ಲ. ನೆಟ್‌ವರ್ಕ್ ಪ್ಲಾಸ್ಟಿಕ್ ಸಿಮ್ಮಿನಲ್ಲಿ ಹೇಗಿತ್ತೋ ಹಾಗೇ ಇದೆ. ಶಹಾಪುರದ ಕಡೆ ಹೊಲದಲ್ಲಿ ಸಿಗದೇ ಇದ್ದದ್ದು ಈಗಲೂ ಸಿಗುವುದಿಲ್ಲ.

ತಕರಾರು ಬಂದದ್ದು ಫೋನ್ ಬದಲಾಯಿಸಿದಾಗ. ತಪ್ಪು ಅರ್ಧ ನನ್ನದೇ.

ಮೊದಲ ಸಲ ಇ-ಸಿಮ್ ಮಾಡಿಸಿದಾಗ ಮೊಬೈಲ್ ಕಂಪನಿಯಿಂದ ಇಮೇಲ್‌ಗೆ ಒಂದು ಕ್ಯೂಆರ್ ಕೋಡ್ ಬಂದಿತ್ತು. ಆಫೀಸಿನ ಕಂಪ್ಯೂಟರಿನಲ್ಲಿ ತೆರೆದು ಫೋನಿನಿಂದ ಸ್ಕ್ಯಾನ್ ಮಾಡಿದೆ, ಎರಡು ನಿಮಿಷದಲ್ಲಿ ಮುಗಿಯಿತು. ಆಮೇಲೆ ಆ ಕೋಡನ್ನು ಪ್ರಿಂಟ್ ತೆಗೆದು ಆಧಾರ್ ಝೆರಾಕ್ಸ್ ಜೊತೆ ಫೈಲಿನಲ್ಲಿಟ್ಟೆ. ಮುಂದೆ ಫೋನ್ ಕೆಟ್ಟರೆ ಇದನ್ನೇ ಮತ್ತೆ ಸ್ಕ್ಯಾನ್ ಮಾಡಿದರಾಯಿತು ಅಂದುಕೊಂಡಿದ್ದೆ. ಹೋದ ವರ್ಷ ಹೊಸ ಫೋನ್ ತಂದೆ. ಒಂದೇ ನಂಬರು ಎರಡು ಫೋನಿನಲ್ಲಿ ಇರಬಾರದಲ್ವಾ ಅಂತ ಹಳೆಯದರಿಂದ ಇ-ಸಿಮ್ ಅಳಿಸಿದೆ. ಹೊಸದರಲ್ಲಿ ಫೈಲಿನ ಕೋಡ್ ಸ್ಕ್ಯಾನ್ ಮಾಡಿದೆ. ಕೋಡ್ ಇನ್ನು ನಡೆಯುವುದಿಲ್ಲ, ಕಂಪನಿಯನ್ನು ಕೇಳಿ ಅಂತ ಬಂತು. ಮತ್ತೆ ಮಾಡಿದೆ, ಮತ್ತೆ ಅದೇ.

ಸೂಪರ್ ಮಾರ್ಕೆಟ್ ಹತ್ತಿರದ ಮೊಬೈಲ್ ಅಂಗಡಿಯ ಹುಡುಗ ಕಾಗದ ನೋಡಿ ನಕ್ಕ. "ಅಣ್ಣಾರ, ಇದು ಕಂಡಕ್ಟರ್ ಹರದ ಟಿಕೆಟ್ ಇದ್ದಂಗ್ರಿ. ಒಮ್ಮೆ ಬಸ್ ಇಳದ್ರ ಮುಗೀತು."

ಅವನ ಮಾತು ಸರಿ. ಕ್ಯೂಆರ್ ಕೋಡಿನೊಳಗೆ ಸಿಮ್ ಇರುವುದಿಲ್ಲ. ಇರುವುದು ಒಂದು ಸಾಲು ಅಕ್ಷರ, ಹೆಚ್ಚೂಕಡಿಮೆ ಹೀಗೆ:

```
LPA:1$smdp.example.com$ABCD-1234-EFGH
```

ಮೊದಲ ಡಾಲರ್ ಗುರುತಿನ ನಂತರ ಇರುವುದು ಕಂಪನಿಯ ಸರ್ವರ್ ವಿಳಾಸ. ಎರಡನೆಯದರ ನಂತರ ಇರುವುದು ನಿಮ್ಮ ಹೆಸರಿಗೆ ಎತ್ತಿಟ್ಟ ಸಿಮ್ ಪ್ರೊಫೈಲಿನ ಗುರುತು. ಪ್ರೊಫೈಲ್ ಅಂದರೆ ಪ್ಲಾಸ್ಟಿಕ್ ಸಿಮ್ಮಿನೊಳಗೆ ಇರುತ್ತಿದ್ದ ಮಾಹಿತಿ. ಸ್ಕ್ಯಾನ್ ಮಾಡಿದಾಗ ಫೋನು ಆ ಸರ್ವರಿಗೆ ಹೋಗಿ, ತನ್ನ EID ಹೇಳಿ, ಪ್ರೊಫೈಲನ್ನು ಇಳಿಸಿಕೊಳ್ಳುತ್ತದೆ. EID ಅಂದರೆ ಫೋನಿನೊಳಗಿನ ಇ-ಸಿಮ್ ಚಿಪ್ಪಿನ 32 ಅಂಕಿಯ ನಂಬರು, *#06# ಒತ್ತಿದರೆ ಕಾಣುತ್ತದೆ. ಆ ಪ್ರೊಫೈಲು ಒಂದು EIDಗೆ ಒಮ್ಮೆ ಇಳಿಯಿತೆಂದರೆ ಸರ್ವರಿನಲ್ಲಿ ಅದರ ಲೆಕ್ಕ ಮುಗಿಯಿತು. ಹಳೆಯ ಫೋನಿನಿಂದ ಅಳಿಸಿದರೆ ಅದು ಸರ್ವರಿಗೆ ವಾಪಸ್ ಹೋಗುವುದಿಲ್ಲ, ಸುಮ್ನೆ ನಾಶವಾಗುತ್ತದೆ. ಕೆಲವು ಕಂಪನಿಗಳು ಅದೇ ಫೋನಿಗೆ ಮತ್ತೆ ಇಳಿಸಲು ಬಿಡುತ್ತವೆ. ಬೇರೆ ಫೋನಿಗೆ ಅಂದರೆ ಸಾಮಾನ್ಯವಾಗಿ ಹೊಸ ಕೋಡೇ ಬೇಕು.

ನಂಬರಿಗೇನೂ ಆಗಿರುವುದಿಲ್ಲ. ನಂಬರು ಕಂಪನಿಯ ಹತ್ತಿರವೇ ಇರುತ್ತದೆ, ಕಳೆದುಹೋದದ್ದು ಕೀಲಿ ಮಾತ್ರ.

ನನ್ನ ನಿಜವಾದ ತಪ್ಪು ಹಳೆಯದನ್ನು ಮೊದಲೇ ಅಳಿಸಿದ್ದು. ಹೊಸ ಕೋಡ್ ಬೇಕೆಂದು ಮನೆಯಿಂದಲೇ ಕೇಳಿದರೆ, ಕೇಳಿದವರು ನೀವೇನಾ ಅಂತ ಖಾತ್ರಿ ಮಾಡಲು ಕಂಪನಿ ಅದೇ ನಂಬರಿಗೆ ಎಸ್ಎಂಎಸ್ ಅಥವಾ ಕರೆ ಕಳಿಸುತ್ತದೆ. ನನ್ನ ನಂಬರು ಆಗ ಯಾವ ಫೋನಿನಲ್ಲೂ ಇರಲಿಲ್ಲ. ಹಾಗಾಗಿ ಆಧಾರ್ ಹಿಡಿದು ಅಂಗಡಿಗೇ ಹೋಗಿ, ಫೋಟೋ ತೆಗೆಸಿ, ಬೆರಳಚ್ಚು ಕೊಟ್ಟು ಬರಬೇಕಾಯಿತು. ಹಳೆಯದನ್ನು ಹಾಗೇ ಬಿಟ್ಟಿದ್ದರೆ ಕುಳಿತಲ್ಲೇ ಆಗುತ್ತಿತ್ತು. ಹೊಸ ಪ್ರೊಫೈಲ್ ಚಾಲೂ ಆದ ಕೂಡಲೇ ಹಳೆಯದು ತಾನಾಗಿ ನೆಟ್‌ವರ್ಕ್ ಕಳೆದುಕೊಳ್ಳುತ್ತದೆ. ಅದನ್ನು ಅಳಿಸುವ ಕೆಲಸ ಕೊನೆಯದು.

ಹೊಸ ಕೋಡ್ ಇಮೇಲ್‌ಗೆ ಬಂತು. ಆದರೆ ಇಮೇಲ್ ಇದ್ದದ್ದು ಹೊಸ ಫೋನಿನಲ್ಲೇ. ತನ್ನ ಪರದೆಯನ್ನು ತಾನೇ ಸ್ಕ್ಯಾನ್ ಮಾಡುವುದು ಹೇಗೆ? ಅವತ್ತು ಭಾನುವಾರ, ಆಫೀಸ್ ಬಂದ್. ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸೋಣ ಅಂತ ಹೊರಟವನನ್ನು ಹೆಂಡತಿ ತಡೆದಳು. ಒಳ್ಳೆಯದೇ ಮಾಡಿದಳು. ಬಳಸಿದ ಕೋಡ್ ಬರೀ ಕಾಗದ, ಬಳಸದ ಕೋಡ್ ನಿಮ್ಮ ನಂಬರೇ. ಅಂಗಡಿಯ ಕಂಪ್ಯೂಟರಿನಲ್ಲಿ ಉಳಿದ ಫೈಲನ್ನು ನಿಮಗಿಂತ ಮೊದಲು ಯಾರಾದರೂ ಸ್ಕ್ಯಾನ್ ಮಾಡಿದರೆ ಬ್ಯಾಂಕಿನ ಒಟಿಪಿ ಅವರಿಗೆ ಹೋಗುತ್ತದೆ. ಅವಳ ಫೋನಿನಲ್ಲಿ ನನ್ನ ಇಮೇಲ್ ತೆರೆದು, ಅವಳದೇ ಹಾಟ್‌ಸ್ಪಾಟ್ ಹಿಡಿದು, ಅಲ್ಲಿಂದ ಸ್ಕ್ಯಾನ್ ಮಾಡಿದೆ. ಎರಡನೇ ಪರದೆ ಇಲ್ಲದಿದ್ದರೆ, ಇ-ಸಿಮ್ ಸೇರಿಸುವ ಜಾಗದಲ್ಲಿ ಕೈಯಿಂದ ಬರೆಯುವ ಆಯ್ಕೆಯೂ ಇರುತ್ತದೆ. ಮೇಲೆ ತೋರಿಸಿದಂಥ ಸಾಲನ್ನು ಇಮೇಲ್‌ನಲ್ಲೇ ಕೊಟ್ಟಿದ್ದರೆ ಅಲ್ಲಿ ಹಾಕಬಹುದು.

ಕರೆ ಬಂತು, ನೆಟ್ ಬಂತು. ಎಸ್ಎಂಎಸ್ ಮಾತ್ರ ಬರಲಿಲ್ಲ. ಇದು ಕೋಡಿನ ದೋಷವಲ್ಲ. ಸಿಮ್ ಬದಲಾದ ಮೇಲೆ 24 ಗಂಟೆ ಎಸ್ಎಂಎಸ್ ಬರುವುದನ್ನೂ ಹೋಗುವುದನ್ನೂ ತಡೆಹಿಡಿಯುತ್ತಾರೆ, ಕಳ್ಳರು ನಂಬರು ಹಾರಿಸಿಕೊಂಡು ಹೋಗಿ ಒಟಿಪಿ ತೆಗೆಯಬಾರದು ಅಂತ. ನಿಯಮ ಸರಿಯೇ. ಆದರೆ ಹೊಸ ಫೋನಿನಲ್ಲಿ ಯುಪಿಐ ಚಾಲೂ ಮಾಡಲು ಆಪ್ ನಿಮ್ಮ ಸಿಮ್ಮಿನಿಂದ ಒಂದು ಎಸ್ಎಂಎಸ್ ಕಳಿಸಬೇಕು. ಅದು ಹೋಗಲೇ ಇಲ್ಲ. ಸೋಮವಾರ ಬೆಳಿಗ್ಗೆ ತೊಗರಿ ಲಾರಿಯವನಿಗೆ ಬಾಡಿಗೆ ಕೊಡಲು ಸಾಹುಕಾರರ ಫೋನ್ ಕೇಳಬೇಕಾಯಿತು. ಇನ್ನೊಂದು ವಿಷಯ: 2024ರ ಜುಲೈ 1ರಿಂದ, ಸಿಮ್ ಬದಲಾಯಿಸಿದ 7 ದಿನದೊಳಗೆ ನಂಬರನ್ನು ಬೇರೆ ಕಂಪನಿಗೆ ಪೋರ್ಟ್ ಮಾಡಲೂ ಆಗುವುದಿಲ್ಲ. ಸಿಟ್ಟಿನಲ್ಲಿ ನಾನು ಅದನ್ನೂ ಯೋಚಿಸಿದ್ದೆ.

ಕೋಡ್ ಬಳಕೆಯಾಗಿದೆ ಅಂತ ಬಂದಾಗಲೆಲ್ಲ ಅಂಗಡಿಗೆ ಓಡಬೇಕಿಲ್ಲ. ಬೀದರಿನಲ್ಲಿರುವ ನನ್ನ ಭಾವಮೈದುನನಿಗೆ ಇ-ಸಿಮ್ ಇಳಿಸಿಕೊಳ್ಳುವಾಗ ಅರ್ಧಕ್ಕೆ ವೈಫೈ ಹೋಯಿತು. ಮತ್ತೆ ಸ್ಕ್ಯಾನ್ ಮಾಡಿದರೆ ಆಗಲೇ ಬಳಕೆಯಾಗಿದೆ ಅಂತ ಬಂತು, ಗಾಬರಿಯಾಗಿ ಫೋನ್ ಮಾಡಿದ. ಸಿಮ್ ಪಟ್ಟಿ ತೆಗೆದು ನೋಡು ಅಂದೆ. ಪ್ರೊಫೈಲ್ ಅಲ್ಲೇ ಇತ್ತು, ಆಫ್ ಆಗಿ ಕೂತಿತ್ತು. ಆನ್ ಮಾಡಿದ, ಮುಗಿಯಿತು. ಪಟ್ಟಿಯಲ್ಲಿ ಇಲ್ಲದಿದ್ದರೆ ಫೋನನ್ನು ಒಮ್ಮೆ ಆಫ್ ಮಾಡಿ, ಒಳ್ಳೆಯ ನೆಟ್ ಹಿಡಿದು, ಅದೇ ಫೋನಿನಲ್ಲಿ ಇನ್ನೊಮ್ಮೆ ನೋಡಬೇಕು. ಅರ್ಧಕ್ಕೆ ನಿಂತ ಡೌನ್‌ಲೋಡ್ ಅದೇ EIDಗೆ ಎಷ್ಟೋ ಸಲ ಮುಂದುವರಿಯುತ್ತದೆ. ಬೇರೆ ಫೋನಿನಲ್ಲಿ ಪ್ರಯತ್ನಿಸಬೇಡಿ, ಆ ಕೋಡ್ ಆಗಲೇ ಮೊದಲ ಫೋನಿಗೆ ಗಂಟು ಬಿದ್ದಿರುತ್ತದೆ. ಅಷ್ಟಾದರೂ ಆಗದಿದ್ದರೆ ಹೊಸ ಕೋಡ್ ಬಿಟ್ಟು ಬೇರೆ ದಾರಿಯಿಲ್ಲ.

ಫೋನನ್ನು ಪೂರ್ತಿ ಅಳಿಸುವಾಗಲೂ ಹುಷಾರು. ಇ-ಸಿಮ್ ಉಳಿಸಬೇಕೋ ಅಳಿಸಬೇಕೋ ಅಂತ ಎಷ್ಟೋ ಫೋನುಗಳು ಕೇಳುತ್ತವೆ. ರಿಪೇರಿಗೆ ಕೊಡುವಾಗ ಹುಡುಗರು ನೋಡದೇ ಒತ್ತಿಬಿಡುತ್ತಾರೆ.

ನಾನು ಇ-ಸಿಮ್ ಬಿಟ್ಟಿಲ್ಲ. ಐದಕ್ಕೆ ಮೂರೂವರೆ ಕೊಡುತ್ತೇನೆ. ಒಂದೂವರೆ ಕಡಿದದ್ದು ಆ ಭಾನುವಾರಕ್ಕೆ, ಮತ್ತೆ ಕೋಡ್ ಒಂದೇ ಸಲಕ್ಕೆ ಅಂತ ಇಮೇಲ್‌ನಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯದ ಕಂಪನಿಗೆ. ಊರಲ್ಲಿರುವ ಅಪ್ಪನಿಗೆ ಮಾತ್ರ ಪ್ಲಾಸ್ಟಿಕ್ ಸಿಮ್ಮೇ ಇರಲಿ ಅಂದಿದ್ದೇನೆ. ಅವರ ಫೋನ್ ನೀರಿಗೆ ಬಿದ್ದರೆ ಸಿಮ್ ತೆಗೆದು ಪಕ್ಕದ ಮನೆಯವರ ಫೋನಿಗೆ ಹಾಕಿ ನನಗೆ ಕರೆ ಮಾಡುತ್ತಾರೆ. ಹೋದ ಮಳೆಗಾಲದಲ್ಲಿ ಎರಡು ಸಲ ಹಾಗೇ ಮಾಡಿದರು.