ಗೂಗಲ್ ಶೀಟ್ಸ್‌ನ್ಯಾಗ ತೂಕ, ಊಟದ ಲೆಕ್ಕ: ವರ್ಷದ ಮ್ಯಾಲ ಬಳಸಿ ಬರದ ವಿಮರ್ಶೆ

ವಿಜಯಪುರದಾಗ ಇರೋ ನಾನು ತೂಕ ಇಳಸ್ಬೇಕಂತ ಡಾಕ್ಟರ್ ಹೇಳಿದ ಮ್ಯಾಲ ಮೊದಲ ಒಂದೆರಡು ಕ್ಯಾಲರಿ ಆಪ್ ಹಾಕ್ಕೊಂಡು ನೋಡಿದೆ. ಅವುಗಳಾಗ ಪಿಜ್ಜಾ, ಪಾಸ್ತಾ ಸಿಗ್ತಾವ, ಆದ್ರ ನಮ್ಮ ಜೋಳದ ರೊಟ್ಟಿ ಹುಡುಕಿದ್ರ ಒಬ್ಬ 80 ಕ್ಯಾಲರಿ ಅಂತ ಹಾಕ್ಯಾನ ಇನ್ನೊಬ್ಬ 210 ಅಂತ ಹಾಕ್ಯಾನ, ಯಾವದು ನಂಬೋದು. ಅದಕ ಗೂಗಲ್ ಶೀಟ್ಸ್‌ನ್ಯಾಗ ನಾನ ಒಂದು ಶೀಟ್ ಮಾಡ್ಕೊಂಡೆ, ವರ್ಷದ ಮ್ಯಾಲಾತು ಅದನ್ನ ನಡಸ್ಲಿಕತ್ತೀನಿ. ರೊಕ್ಕ ಏನೂ ಇಲ್ಲ, ಜಿಮೇಲ್ ಐಡಿ ಇದ್ರ ಸಾಕು. ಡ್ರೈವ್ ಆಪ್‌ನ್ಯಾಗ ಆ ಫೈಲ್‌ನ ಆಫ್‌ಲೈನ್ ಇಟ್ಕೊಂಡ್ರ ನೆಟ್ ಇಲ್ಲದ ಊರಿಗೆ ಹೋದಾಗೂ ಬರಿಬಹುದು.

ನನಗ ಇದ್ರಾಗ ಭಾಳ ಉಪಯೋಗ ಆಗಿದ್ದು ವಾರದ ಸರಾಸರಿ. ದಿನಾ ಕಾಣೋ ತೂಕ ಅಂದ್ರ ಬರೇ ಕೊಬ್ಬು ಅಲ್ರಿ, ನೀರು, ಉಪ್ಪು, ಹೊಟ್ಟ್ಯಾಗಿನ ಊಟ ಎಲ್ಲಾ ಕೂಡೇ ಇರ್ತೈತಿ. ಹಿಂದಿನ ರಾತ್ರಿ ಉಪ್ಪಿನಕಾಯಿ, ಹಪ್ಪಳ ಜಾಸ್ತಿ ತಿಂದ್ರ ಮೈಯ್ಯಾಗ ನೀರು ನಿಂತು ಮುಂಜಾನಿಗೆ ಒಂದು ಕಿಲೋ ಏರಿರ್ತೈತಿ, ಅದು ಕೊಬ್ಬಲ್ಲ. ಬ್ಯಾಸಗಿ ಬಿಸಲಾಗ ಬೆವತು ಇಳಿದ್ರೂ ಅದು ಕೊಬ್ಬು ಕರಗಿದ್ದಲ್ಲ. ಇದನ್ನ ಬಾಯಿಲೆ ಹೇಳಿದ್ರ ಯಾರಿಗೂ ಸಮಾಧಾನ ಆಗೂದಿಲ್ಲ, ಅದಕ ಶೀಟ್‌ನ್ಯಾಗಿನ ಎರಡು ವಾರದ ಅಂಕಿ ಹಂಗ ಇಡ್ತೀನಿ ನೋಡ್ರಿ.

2025 ಜೂನ್ 2, ಸೋಮವಾರದಿಂದ ಆ ವಾರ ಹಿಂಗಿತ್ತು: 82.4, 81.9, 82.6, 82.0, ಶುಕ್ರವಾರ ತೂಗಿಲ್ಲ ಹಂಗಾಗಿ ಖಾಲಿ, 81.7, ರವಿವಾರ 83.1. ಶನಿವಾರ ಒಂದು ಮದುವಿ ಊಟ ಇತ್ತು, ರವಿವಾರದ ಏರಿಕಿ ಅದ್ರದು. ಮುಂದಿನ ವಾರ: 82.9, 82.3, 81.8, 81.6, 81.5, 81.4, 81.9. ಈಗ ಬರೇ ಸೋಮವಾರಕ್ಕ ಸೋಮವಾರ ಹೋಲಸಿದ್ರ 82.4 ಇದ್ದದ್ದು 82.9 ಆಗೇತಿ, ಅರ್ಧ ಕಿಲೋ ಏರೇತಿ ಅಂತ ಮನಸು ಕೆಡ್ತೈತಿ, ಮಂದಿ ಊಟ ಬಿಡೋದು ಇಂಥಾ ಹೊತ್ತಿನ್ಯಾಗ. ಸರಾಸರಿ ತಗದ್ರ ಮೊದಲ್ನೇ ವಾರ 82.28, ಎರಡ್ನೇ ವಾರ 81.91. ಅಂದ್ರ ಸುಮಾರು 370 ಗ್ರಾಂ ಇಳದೈತಿ. ಅದ ಅಂಕಿ, ಆದ್ರ ಉತ್ತರ ಉಲ್ಟಾ.

ಶೀಟ್ ಮಾಡೋದು ಹೆಂಗಂತ ಹೇಳ್ತೀನಿ. ಎಲ್ಲಾಕ್ಕಿಂತ ಮೊದಲ File > Settings ಒಳಗ Locale ಅನ್ನೋದು India ಐತೇನು ನೋಡ್ರಿ. ಅದು United States ಇದ್ರ ನೀವು 05/06/2025 ಅಂತ ಹೊಡದಾಗ ಜೂನ್ 5 ಅಲ್ಲ, ಮೇ 6 ಅಂತ ತಿಳ್ಕೋತೈತಿ, ಮತ್ತ 13/06/2025 ಅಂತ ಹೊಡದ್ರ ಹದಿಮೂರ್ನೇ ತಿಂಗಳ ಇಲ್ಲಲ್ಲ, ಅದನ್ನ ತಾರೀಖು ಅಂತನ ಒಪ್ಪೂದಿಲ್ಲ, ಬರೇ ಅಕ್ಷರ ಅಂತ ಇಟ್ಕೋತೈತಿ. ಗುರ್ತ ಹಿಡಿಯೋದು ಸಲೀಸ: ಸರಿಯಾದ ತಾರೀಖು ಮನಿಯೊಳಗ ಬಲಕ್ಕ ಸರದು ಕೂಡ್ತೈತಿ, ಅಕ್ಷರ ಆಗಿದ್ದು ಎಡಕ್ಕ ಅಂಟಿರ್ತೈತಿ. ತೂಕದ ಕಾಲಂಗೂ ಇದ ಮಾತು, "82.4 ಕೆಜಿ" ಅಂತ ಬರದ್ರ ಅದು ಅಕ್ಷರ, ಲೆಕ್ಕಕ್ಕ ಬರೂದಿಲ್ಲ. ಬರೇ 82.4 ಹಾಕ್ರಿ.

ಕೆಳಗ ಎರಡು ಟ್ಯಾಬ್, ಒಂದಕ್ಕ Log, ಇನ್ನೊಂದಕ್ಕ Week ಅಂತ ಹೆಸರು. Log ಒಳಗ A ತಾರೀಖು, B ತೂಕ, C ಅವತ್ತಿನ ಕ್ಯಾಲರಿ, D ಆ ವಾರದ ಸೋಮವಾರ, E ಟಿಪ್ಪಣಿ. D ತಾನ ತುಂಬ್ಕೋತೈತಿ, D2 ಒಳಗ ಇದನ್ನ ಹಾಕಿ ಕೆಳಗಿನ ತನಕ ಎಳೀರಿ:

```
=IF(A2="","",A2-WEEKDAY(A2,2)+1)
```

ಅಲ್ಲಿ ತಾರೀಖಿನ ಬದ್ಲಿ 45810 ಅಂತ ಏನೋ ಒಂದು ನಂಬರ್ ಕಂಡ್ರ ಗಾಬರಿ ಆಗಬ್ಯಾಡ್ರಿ, ಶೀಟ್ಸ್ ತಾರೀಖನ್ನ ಒಳಗ ಹಂಗ ನಂಬರ್ ಮಾಡಿ ಇಟ್ಟಿರ್ತೈತಿ, Format > Number > Date ಒತ್ತಿದ್ರ 2 ಜೂನ್ ಅಂತ ಬರ್ತೈತಿ. ಇನ್ನ Week ಟ್ಯಾಬ್ ಒಳಗ A2 ಕ್ಕ ಮೊದಲ್ನೇ ಸೋಮವಾರದ ತಾರೀಖು, A3 ಕ್ಕ =A2+7 ಹಾಕಿ ಎಳೀರಿ. B2, C2, D2 ಒಳಗ ಸಾಲಾಗಿ ಈ ಮೂರು:

```
=COUNTIFS(Log!D:D,A2,Log!B:B,">0")
=IF(B2>=4,AVERAGEIFS(Log!B:B,Log!D:D,A2,Log!B:B,">0"),)
=IFERROR(AVERAGEIFS(Log!C:C,Log!D:D,A2,Log!C:C,">0"))
```

ಮೊದಲ್ನೇದು ಆ ವಾರದಾಗ ಎಷ್ಟು ದಿನ ತೂಗಿದ್ರಿ ಅಂತ ಎಣಸ್ತೈತಿ. ನಾಲ್ಕು ದಿನಕ್ಕಿಂತ ಕಡಿಮಿ ಇದ್ರ ಸರಾಸರಿ ಮನಿ ಖಾಲಿ ಬಿಡ್ತೈತಿ, ಯಾಕಂದ್ರ ಮಂಗಳವಾರ ಶೀಟ್ ತಗದಾಗ ಎರಡ ದಿನದ ತೂಕ ಇರ್ತೈತಿ, ಅದನ್ನ ವಾರದ ಸರಾಸರಿ ಅಂತ ಚಾರ್ಟಿನ್ಯಾಗ ತೋರ್ಸಿದ್ರ ಗೆರಿ ಸುಮ್ನ ಏರಿ ಇಳೀತೈತಿ. ">0" ಯಾಕಂದ್ರ ನಮ್ಮ ತಮ್ಮ ತೂಗದ ದಿನ 0 ಹಾಕೋ ರೂಢಿ ಮಾಡ್ಕೊಂಡಿದ್ದ, ಒಂದ ಒಂದು ಸೊನ್ನಿ ಬಂದ್ರ ಏಳು ದಿನದ ಸರಾಸರಿ ಹತ್ತು ಹನ್ನೊಂದು ಕಿಲೋ ಕೆಳಗ ಬೀಳ್ತೈತಿ. ತೂಗದಿದ್ರ ಖಾಲಿ ಬಿಡೋದ ಚಲೋ. ಕ್ಯಾಲರಿಗೂ ಹಂಗ, ಬರೀದ ದಿನ ಖಾಲಿ. ಏಕಾದಶಿಗೆ ಬರೇ ನೀರು ಕುಡದು ಉಪವಾಸ ಮಾಡೋರು ಇರ್ತಾರಲ್ಲ, ಅವರು ಅವತ್ತಿಗೆ 1 ಅಂತ ಹಾಕ್ರಿ, 0 ಹಾಕಿದ್ರ ಆ ದಿನ ಲೆಕ್ಕದಿಂದನ ಹೊರಗ ಹೋಗ್ತೈತಿ.

ತೂಗೋದು ಮುಂಜಾನಿ ಎದ್ದು ಸಂಡಾಸಿಗೆ ಹೋಗಿ ಬಂದ ಮ್ಯಾಲ, ಚಾ ಕುಡಿಯೋ ಮೊದಲ. ನಮ್ಮ ಮನಿಗೋಳೊಳಗ ಶಹಾಬಾದ್ ಪರ್ಸಿ ಇರ್ತಾವ, ಅವು ಎಲ್ಲಾ ಕಡೆ ಸಮ ಇರೂದಿಲ್ಲ, ತೂಕದ ಮಶಿನ್ ಒಂದು ಕಡೆ ಎತ್ತಿದ್ರ ಅಂಕಿ ಬದಲಾಗ್ತೈತಿ. ಹಂಗಾಗಿ ಮಶಿನ್ ಅಲುಗಾಡದ ಒಂದು ಜಾಗಾ ನೋಡಿ ಚಾಕ್‌ಪೀಸ್‌ಲೆ ಗುರ್ತ ಮಾಡಿ ಅಲ್ಲೇ ಇಡ್ರಿ.

ಇನ್ನ ಊಟದ ಲೆಕ್ಕ. ರೊಟ್ಟಿ ತೂಗಬ್ಯಾಡ್ರಿ, ಹಿಟ್ಟು ತೂಗ್ರಿ. ಬಿಸಿ ರೊಟ್ಟಿ ಮತ್ತ ಖಡಕ್ ರೊಟ್ಟಿ ಎರಡಕ್ಕೂ ಅಷ್ಟ ಹಿಟ್ಟು ಹಿಡದಿದ್ರೂ ಖಡಕ್ ರೊಟ್ಟಿ ಹಗರ ಇರ್ತೈತಿ, ನೀರು ಆರಿರ್ತೈತಿ ಅಷ್ಟ, ಕ್ಯಾಲರಿ ಎಲ್ಲೂ ಹೋಗಿರೂದಿಲ್ಲ. ಜೋಳಕ್ಕ 100 ಗ್ರಾಂಗೆ ಸುಮಾರು 335 ಕ್ಯಾಲರಿ. ಅರ್ಧ ಕಿಲೋ ಹಿಟ್ಟಿನ್ಯಾಗ ಹತ್ತು ರೊಟ್ಟಿ ಬಂದ್ರ ಒಂದಕ್ಕ 168 ಹಿಡೀರಿ. ಒಂದ್ಸಲ ಮನ್ಯಾಗ ತೂಗಿ ಆ ಅಂಕಿ ಬರ್ಕೊಂಡ್ರ ಆಮ್ಯಾಲ ದಿನಾ ತೂಗೋದು ಬೇಕಾಗಿಲ್ಲ.

ಎಣ್ಣಿ ಅಂತೂ ಪಲ್ಯೆದಾಗ ಎಷ್ಟು ಬಿತ್ತು ಅಂತ ಅಡಗಿ ಮಾಡಿದವರಿಗೂ ಗೊತ್ತಿರೂದಿಲ್ಲ. ಅದಕ ನಾನು ತಿಂಗಳಿಗೆ ಮನಿಗೆ ಬರೋ ಎಣ್ಣಿ ಹಿಡದು ಲೆಕ್ಕ ಮಾಡ್ತೀನಿ. ಐದು ಮಂದಿ ಮನಿಗೆ ನಾಲ್ಕು ಲೀಟರ್ ಅಂದ್ರ ತಲಿಗೆ ದಿನಕ್ಕ 27 ಎಂಎಲ್, ತೂಕದಾಗ 24 ಗ್ರಾಂ, ಗ್ರಾಂಗೆ 9 ಕ್ಯಾಲರಿ ಹಿಡದ್ರ ಸುಮಾರು 218. ಅದನ್ನ ದಿನಾ ಸುಮ್ನ ಕೂಡಸ್ತೀನಿ. C ಮನಿಯೊಳಗ ಒಟ್ಟು ಅಂಕಿ ಬರಿಯೋದಕ್ಕಿಂತ =168*4+218+ ಅಂತ ಒಂದೊಂದ ಕೂಡಸ್ಕೋತ ಹೋದ್ರ ಒಂದು ತಿಂಗಳ ಬಿಟ್ಟು ನೋಡಿದ್ರೂ ಅವತ್ತು ನಾಲ್ಕು ರೊಟ್ಟಿ ತಿಂದಿದ್ದೆ ಅಂತ ಗೊತ್ತಾಗ್ತೈತಿ. ಶೇಂಗಾ ಹಿಂಡಿ, ಮೊಸರು ಇವುಗಳಿಗೂ ಒಂದೊಂದು ಚಮಚದ, ವಾಟಿಗದ ಅಂಕಿ ಗಟ್ಟಿ ಮಾಡ್ಕೊಂಡು ಅದನ್ನ ಬದಲಿ ಮಾಡದ ಹಂಗ ಬಳಸ್ರಿ.

ಇಷ್ಟು ಅಂದಾಜಿನ ಮ್ಯಾಲ ನಡಸಿದ್ರ ಲೆಕ್ಕ ತಪ್ಪೂದಿಲ್ಲೇನು ಅಂತ ಕೇಳ್ತೀರಿ, ತಪ್ಪತೈತಿ. ಆದ್ರ ದಿನಾ ಅಷ್ಟ ತಪ್ಪಿದ್ರ ನಡೀತೈತಿ. ಒಂದು ಉದಾಹರಣಿ ಹಿಡೀರಿ, ನಾಲ್ಕು ವಾರದಾಗ ವಾರಕ್ಕ 0.3 ಕಿಲೋದಂಗ ಇಳದೈತಿ, Week ಟ್ಯಾಬಿನ D ಕಾಲಂನ್ಯಾಗ ಕ್ಯಾಲರಿ ಸರಾಸರಿ 1850 ಐತಿ. ಒಂದು ಕಿಲೋ ಕೊಬ್ಬಿಗೆ ಅಂದಾಜು 7700 ಕ್ಯಾಲರಿ ಹಿಡೀತಾರ, ಹಂಗಾಗಿ 0.3 × 7700 ಭಾಗಿಸು 7 ಅಂದ್ರ ದಿನಕ್ಕ 330 ಕಡಿಮಿ ಬಿದ್ದೈತಿ. 1850 ಕ್ಕ 330 ಕೂಡಸಿದ್ರ 2180, ಅಷ್ಟು ತಿಂದ್ರ ತೂಕ ನಿಂತಲ್ಲೇ ನಿಂದ್ರತೈತಿ. ಖರೇ ಅಂದ್ರ ನೀವು ದಿನಾ 150 ಕ್ಯಾಲರಿ ಬರಿಯೋದು ಬಿಟ್ಟಿರಬಹುದು, ಆಗ ನಿಮ್ಮ ಖರೇ ಅಂಕಿ 2330 ಆಗ್ತೈತಿ, ಆದ್ರೂ ನಿಮ್ಮ ಶೀಟಿನ ಅಳತಿಯೊಳಗ 2180 ನ ಕೆಲಸಕ್ಕ ಬರೋ ಅಂಕಿ, ಯಾಕಂದ್ರ ನಾಳೆನೂ ನೀವು ಆ 150 ಬಿಡೋರ. ಕೆಡೋದು ಯಾವಾಗಂದ್ರ, ವಾರದ ದಿನ ಚೊಕ್ಕ ಬರದು ಲಗ್ನ, ಜಾತ್ರಿ ದಿನ ಮಾತ್ರ ಖಾಲಿ ಬಿಟ್ಟಾಗ, ಹೆಚ್ಚು ತಿಂದ ದಿನಾನ ಸರಾಸರಿಯೊಳಗ ಇರೂದಿಲ್ಲ. ಮದುವಿ ಊಟಕ್ಕ ಕಣ್ಣಳತಿಲೆ 1400 ಅಂತರ ಹಾಕ್ರಿ, ಖಾಲಿ ಬಿಡಬ್ಯಾಡ್ರಿ. ಮತ್ತ ಶುರುವಿನ ಎರಡು ವಾರದ ಇಳಿಕಿ ಈ ಲೆಕ್ಕಕ್ಕ ತಗೋಬ್ಯಾಡ್ರಿ, ಊಟ ಕಡಿಮಿ ಮಾಡಿದ ಕೂಡ್ಲೆ ಮೊದಲ ನೀರು ಹೋಗ್ತೈತಿ, ಅದನ್ನ ಹಿಡದ್ರ ಅಂಕಿ ಭಾಳ ದೊಡ್ಡದು ಬರ್ತೈತಿ.

ಚಾರ್ಟಿಗೆ Week ಒಳಗಿನ A ಮತ್ತ C ಕಾಲಂ ಆರಿಸಿ Insert > Chart, ಲೈನ್ ಚಾರ್ಟ್. Vertical axis ಒಳಗ Min 78, Max 85 ಹಿಂಗ ನಿಮ್ಮ ತೂಕದ ಆಸುಪಾಸು ಕೈಲೆ ಹಾಕ್ರಿ. ತಾನಾಗೇ ಬಿಟ್ಟ್ರ ಏರಿಳಿತ ಕಡಿಮಿ ಇದ್ದಾಗ ಅಳತಿಪಟ್ಟಿ ಸಣ್ಣದಾಗಿ 200 ಗ್ರಾಂ ಬದಲಾದ್ರೂ ಗುಡ್ಡ ಹತ್ತಿದಂಗ ಕಾಣ್ತೈತಿ. ಚಾರ್ಟಿನ ಕೆಲಸ ಮಾತ್ರ ಕಂಪ್ಯೂಟರ್ ಮ್ಯಾಲ ಮಾಡ್ರಿ, ಮೊಬೈಲ್ ಆಪ್‌ನ್ಯಾಗ ಚಾರ್ಟ್ ಸೆಟ್ಟಿಂಗ್ ಕಡಿಮಿ ಅದಾವ. ದಿನಾ ಅಂಕಿ ತುಂಬಲಿಕ್ಕ ಮೊಬೈಲ್ ಸಾಕು.

ಐದಕ್ಕ ನಾಲ್ಕು ಕೊಡ್ತೀನಿ. ಒಂದು ಕಡಿಮಿ ಯಾಕಂದ್ರ ಮೊಬೈಲಿನ್ಯಾಗ ದಿನಾ ಕೆಳಗಿನ ಸಾಲಿನ ತನಕ ಸರಸ್ಕೋತ ಹೋಗೋದು ಬ್ಯಾಸರ, ವಯಸ್ಸಾದವರಿಗೆ ಸಣ್ಣ ಮನಿ ಒತ್ತಲಿಕ್ಕ ತ್ರಾಸ.

ಇನ್ನೊಂದು ಮಾತು, ಹೃದಯ ಇಲ್ಲಾ ಕಿಡ್ನಿ ತೊಂದರಿ ಇದ್ದವರಿಗೆ ಈ ವಾರದ ಸರಾಸರಿ ಹೊಂದೂದಿಲ್ಲ. ಅವರಿಗೆ ಎರಡ್ಮೂರು ದಿನದಾಗ ಎರಡು ಕಿಲೋ ಏರಿದ್ರ ಮೈಯ್ಯಾಗ ನೀರು ತುಂಬ್ಲಿಕತ್ತಿರಬಹುದು, ಸರಾಸರಿ ಅದನ್ನ ಮುಚ್ಚಿ ಹಾಕ್ತೈತಿ. ನಮ್ಮ ದೊಡ್ಡಪ್ಪಗ ಮಾಡಿಕೊಟ್ಟ ಶೀಟಿನ್ಯಾಗ ವಾರದ ಟ್ಯಾಬ್ ಇಲ್ಲ, ದಿನಕ್ಕೊಂದು ಸಾಲು ಅಷ್ಟ, ತೂಗದಿದ್ರೂ ತಾರೀಖಿನ ಸಾಲು ಬಿಡಬಾರ್ದು. B5 ದಿಂದ ಕೆಳಗ Conditional formatting ಒಳಗ Custom formula ಆರಿಸಿ ಇದನ್ನ ಹಾಕೀನಿ:

```
=AND(B5<>"",B2<>"",B5-B2>=2)
```

ಮೂರು ದಿನದ ಹಿಂದಿನಕಿಂತ ಎರಡು ಕಿಲೋ ಜಾಸ್ತಿ ಆದ್ರ ಮನಿ ಕೆಂಪಾಗ್ತೈತಿ, ಕೆಂಪಾದ್ರ ಅವತ್ತ ಡಾಕ್ಟರ್‌ಗೆ ಫೋನ್ ಹಚ್ಚಬೇಕಂತ ದೊಡ್ಡಮ್ಮಗೂ ಹೇಳಿಟ್ಟೀವಿ.